ಎರಡು ಇಂಚಿನ ಒಂದು ಪೈಪ್ ನನ್ನ ಪ್ಲಾನ್ ಬದಲಿಸಿದ್ದು

ಕಾರವಾರದ ಕಾಜುಬಾಗದಲ್ಲಿ ಒಂದು ಹಳೆ ಚಿರೆಕಲ್ಲಿನ ಕಟ್ಟಡ. ಅದರ ಎರಡನೇ ಮಹಡಿಯಲ್ಲಿ 32 ಜನ ಕೂರುವ ಆಫೀಸಿಗೆ ನೆಟ್‌ವರ್ಕ್ ಕೇಬಲ್ ಹಾಕುವ ಕೆಲಸ ನನಗೆ ಬಂತು. ಸರ್ವರ್ ರೂಮ್ ನೆಲಮಹಡಿಯಲ್ಲಿ, ಮೆಟ್ಟಿಲ ಪಕ್ಕ ಇತ್ತು. ಪ್ರತಿ ಟೇಬಲ್‌ಗೆ ಎರಡು ಕೇಬಲ್ ಅಂದರೆ 64. ಎಲ್ಲವನ್ನೂ ನೇರ ಕೆಳಗಿನ ರ‍್ಯಾಕಿಗೆ ಇಳಿಸುವುದು ನನ್ನ ಮೊದಲ ಲೆಕ್ಕವಾಗಿತ್ತು.

ಟೇಪ್ ಹಿಡಿದು ಅಳೆದಾಗ ಆ ಲೆಕ್ಕ ತಪ್ಪಿತು. ಮಹಡಿಯ ಉದ್ದ 58 ಮೀಟರ್, ಮೆಟ್ಟಿಲು ಒಂದು ತುದಿಯಲ್ಲಿ. ನಕ್ಷೆಯಲ್ಲಿ ನೋಡಿದರೆ ದೂರದ ಮೂಲೆಗೂ 60 ಮೀಟರ್ ಸುಮಾರು ಅನಿಸುತ್ತದೆ. ಆದರೆ ಕೇಬಲ್ ಓರೆಯಾಗಿ ಹಾರಿ ಹೋಗುವುದಿಲ್ಲ ಅಲ್ವಾ? ಗೋಡೆಯ ಗುಂಟ ಹೋಗಿ ತಿರುಗಬೇಕು. ಉದ್ದಕ್ಕೆ 58, ಅಗಲಕ್ಕೆ 14, ಸೀಲಿಂಗಿನಿಂದ ಟೇಬಲ್‌ಗೆ ಇಳಿಯಲು 3, ಎರಡು ಮಹಡಿ ಕೆಳಗಿಳಿಯಲು 8, ಸರ್ವರ್ ರೂಮಿನ ಒಳಗೆ 7, ರ‍್ಯಾಕಿನ ಹಿಂದೆ ಸುತ್ತಿಡಲು 4. ಒಟ್ಟು 94 ಮೀಟರ್.

ಗೋಡೆಯ ಸಾಕೆಟ್‌ನಿಂದ ರ‍್ಯಾಕಿನ ಪ್ಯಾಚ್ ಪ್ಯಾನೆಲ್‌ವರೆಗೆ 90 ಮೀಟರ್ ಮಿತಿ. ಒಟ್ಟು ನೂರರಲ್ಲಿ ಉಳಿದ 10, ಎರಡೂ ಕಡೆ ಚುಚ್ಚುವ ತುಂಡು ಕೇಬಲ್‌ಗಳಿಗೆ, ಅಂದರೆ ಪ್ಯಾಚ್ ಕಾರ್ಡ್‌ಗಳಿಗೆ. ನಾಲ್ಕು ಮೀಟರ್ ತಾನೇ ಎಂದು ಬಿಡಬಾರದು. ಹಿಂದೊಮ್ಮೆ ಬೇರೆ ಕಡೆ ನಾನು ಹಾಗೆ ಬಿಟ್ಟಿದ್ದೆ. ಸ್ವಿಚ್‌ನಲ್ಲಿ ಹಸಿರು ದೀಪ ಹತ್ತಿತ್ತು, ಪಿಂಗ್ ಕೂಡ ಬರುತ್ತಿತ್ತು. ಆದರೆ ದೊಡ್ಡ ಫೈಲ್ ಕಾಪಿ ಮಾಡಿದಾಗ ಮಧ್ಯೆ ಮಧ್ಯೆ ನಿಲ್ಲುತ್ತಿತ್ತು. ಸ್ವಿಚ್ ಒಳಗೆ ನೋಡಿದರೆ ಆ ಪೋರ್ಟಿನ `CRC` ಲೆಕ್ಕ, ಅಂದರೆ ದಾರಿಯಲ್ಲಿ ಕೆಟ್ಟು ಬಂದ ಡೇಟಾದ ಎಣಿಕೆ, ಏರುತ್ತಲೇ ಇತ್ತು. ಆ ಕೇಬಲ್ ತೆಗೆಸಿ, ಹತ್ತಿರದ ದಾರಿಯಲ್ಲಿ ಹೊಸದು ಎಳೆಸಿದ ಮೇಲೆ ಅದು ನಿಂತಿತು.

ಇಲ್ಲಿ ಅದಕ್ಕಿಂತ ದೊಡ್ಡ ತೊಡಕು ಮಹಡಿಯಿಂದ ಮಹಡಿಗೆ ಇಳಿಯುವ ದಾರಿಯದ್ದು. ಇದ್ದದ್ದು ಒಂದೇ ಎರಡು ಇಂಚಿನ ಪಿವಿಸಿ ಪೈಪ್. ಒಳಗಿನ ಅಗಲ 50 ಮಿಲಿಮೀಟರ್. ಪೈಪಿನ ಒಳಜಾಗದಲ್ಲಿ 40 ಪರ್ಸೆಂಟ್ ಮಾತ್ರ ತುಂಬಬೇಕು ಎಂಬುದು ನಾವು ಪಾಲಿಸುವ ನಿಯಮ. ಅದಕ್ಕಿಂತ ಜಾಸ್ತಿ ತುಂಬಿದರೆ ಎಳೆಯುವಾಗ ಕೇಬಲ್ ಸಿಕ್ಕಿ ಹಿಗ್ಗುತ್ತದೆ, ಒಳಗಿನ ಜೋಡಿ ತಂತಿಗಳ ಹೆಣಿಗೆ ಕೆಡುತ್ತದೆ. ಆರು ಮಿಲಿಮೀಟರ್ ದಪ್ಪದ ಕ್ಯಾಟ್ 6 ಕೇಬಲ್ ಆದರೆ ಲೆಕ್ಕಕ್ಕೆ 27 ಹಿಡಿಯುತ್ತದೆ. ಏಳೂವರೆ ಮಿಲಿಮೀಟರಿನ ಕ್ಯಾಟ್ 6ಎ ಆದರೆ 17 ಮಾತ್ರ. ನನಗೆ ಬೇಕಾದದ್ದು 64!

ಇನ್ನೆರಡು ಪೈಪ್ ಹಾಕಲು ಸ್ಲ್ಯಾಬ್ ಕೊರೆಯಬಹುದೇ ಎಂದು ಕಟ್ಟಡದ ಮಾಲೀಕರನ್ನು ಕೇಳಿದೆ.

"ಮಳೆಗಾಲ ಬಾಗಿಲಿಗೆ ಬಂತು ಮಾರಾಯ್ರೇ, ಈಗ ಸ್ಲ್ಯಾಬ್ ಮುಟ್ಟಿದ್ರೆ ಸೋರ್ತದೆ" ಎಂದರು. ಅವರ ಮಾತು ಸರಿಯಾಗೇ ಇತ್ತು.

ಹಾಗಾಗಿ ಮಹಡಿಯ ನಟ್ಟನಡುವೆ ಒಂದು ಸಣ್ಣ ರ‍್ಯಾಕ್ ಇಟ್ಟೆ. ಟೇಬಲ್‌ಗಳ ಕೇಬಲ್ ಎಲ್ಲ ಅಲ್ಲಿನ ಸ್ವಿಚ್‌ಗೇ ಬಂದವು. ಪೈಪಿನಲ್ಲಿ ಇಳಿದದ್ದು 12 ಎಳೆಯ ಒಂದೇ ಸಿಂಗಲ್ ಮೋಡ್ ಫೈಬರ್. ಬಳಕೆಗೆ ಎರಡು ಎಳೆ, ಉಳಿದ ಹತ್ತು ಮುಂದಕ್ಕೆ. ಒಳಗೆ ಲೋಹವೇ ಇಲ್ಲದ ಫೈಬರನ್ನು ಆರಿಸಿದೆ. ನಮ್ಮಲ್ಲಿ ಮಳೆಗಾಲದ ಮೊದಲೂ ಕೊನೆಗೂ ಸಿಡಿಲು ಜೋರು. ಮೇಲಿನ ಸ್ವಿಚ್‌ಗೆ ಹೊಡೆತ ಬಿದ್ದರೂ ಅದು ಈ ಫೈಬರಿನ ಮೂಲಕ ಕೆಳಗಿನ ಸರ್ವರ್‌ಗೆ ಇಳಿಯುವುದಿಲ್ಲ. ಈಗ ಅತಿ ಉದ್ದದ ಕೇಬಲ್ 52 ಮೀಟರ್. ಟೇಬಲ್‌ಗಳಿಗೆ ಒಂದು ಗಿಗಾಬಿಟ್ ಸಾಕಾದ್ದರಿಂದ ಕ್ಯಾಟ್ 6 ಹಾಕಿದೆ. ವೈಫೈ ಪೆಟ್ಟಿಗೆಗಳಿಗೆ ಮುಂದೆ ಹತ್ತು ಗಿಗಾಬಿಟ್ ಬೇಕಾಗಬಹುದು. ಆ ವೇಗಕ್ಕೆ ಕ್ಯಾಟ್ 6ರ ಮಿತಿ 55 ಮೀಟರ್, ಕೇಬಲ್‌ಗಳು ಒತ್ತೊತ್ತಾಗಿದ್ದರೆ 37ಕ್ಕೇ ಇಳಿಯುತ್ತದೆ. ಅದಕ್ಕೇ ಅವುಗಳಿಗೆ ಮಾತ್ರ ಕ್ಯಾಟ್ 6ಎ.

ವೈಫೈಗೆ ಮೊದಲು ಕಾರಿಡಾರಿನಲ್ಲಿ ಎರಡು ಪೆಟ್ಟಿಗೆ ಸಾಕು ಎಂದುಕೊಂಡಿದ್ದೆ. ಚಾವಣಿಗೆ ತೂತು ಕೊರೆಯುವ ಮೊದಲು ಒಂದನ್ನು ಉದ್ದನೆಯ ಸ್ಟ್ಯಾಂಡಿಗೆ ಕಟ್ಟಿ, 5 ಗಿಗಾಹರ್ಟ್ಸ್‌ನಲ್ಲಿ ಓಡಿಸಿ ಲ್ಯಾಪ್‌ಟಾಪ್ ಹಿಡಿದು ನಡೆದೆ. ಗೋಡೆ ಅಡ್ಡ ಇಲ್ಲದ ಕಡೆ ಐದು ಮೀಟರ್ ದೂರಕ್ಕೆ ಸಿಗ್ನಲ್ -48 dBm ಇತ್ತು; ಈ ಅಂಕಿ ಸೊನ್ನೆಯಿಂದ ದೂರ ಹೋದಷ್ಟೂ ಸಿಗ್ನಲ್ ಕ್ಷೀಣ. ಒಂದು ಚಿರೆಕಲ್ಲಿನ ಗೋಡೆ ದಾಟಿದರೆ -66, ಎರಡು ದಾಟಿದರೆ -79. ವಿಡಿಯೊ ಕಾಲ್ ತಡವರಿಸದೆ ನಡೆಯಲು ನಾನು -67ಕ್ಕಿಂತ ಕೆಳಗೆ ಬಿಡುವುದಿಲ್ಲ. ಹಾಗಾಗಿ ಕಾರಿಡಾರ್ ಬಿಟ್ಟು, ಜನ ಕೂರುವ ನಾಲ್ಕು ಕೋಣೆಗಳ ಒಳಗೇ ಒಂದೊಂದು ಪೆಟ್ಟಿಗೆ ಹಾಕಿದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ನಾಲ್ಕನೆಯದರಲ್ಲಿ ಆ ರೇಡಿಯೊ ಆಫ್ ಮಾಡಿದೆ. 5 ಗಿಗಾಹರ್ಟ್ಸ್‌ನಲ್ಲಿ ನಾಲ್ಕಕ್ಕೂ ಬೇರೆ ಬೇರೆ ಚಾನೆಲ್ ಸಿಕ್ಕಿತು.

ಕೊನೆಗೆ ಪೈಪಿನೊಳಗೆ ಫೈಬರ್ ಜೊತೆ ಒಂದು ನೈಲಾನ್ ದಾರ ಬಿಟ್ಟು, ಎರಡೂ ತುದಿಗೆ ಗಂಟು ಹಾಕಿ, ಬೆಂಕಿ ತಡೆಯುವ ಪುಟ್ಟಿ ಮೆತ್ತಿ ಬಾಯಿ ಮುಚ್ಚಿದೆ. ಮುಂದೆ ಯಾರಾದರೂ ಕೇಬಲ್ ಎಳೆಯುವುದಿದ್ದರೆ ಪುಟ್ಟಿ ಕೆರೆದರೆ ಸಾಕು, ದಾರ ಕೈಗೆ ಸಿಗುತ್ತದೆ.