‘ಯಾರು, ಏನ್ ಕೆಲಸ?’ ಅಂತ ಫೋನೇ ಕೇಳಲಿ

ಗಂಗಾವತಿಯಲ್ಲಿ ಭತ್ತದ ಸುಗ್ಗಿ ಶುರುವಾದರೆ ದಲಾಲಿ ಅಂಗಡಿಯವರ ಫೋನ್ ಸುಮ್ಮನೆ ಕೂರುವುದಿಲ್ಲ. ಅದರಲ್ಲಿ ಅರ್ಧ ಕರೆ ಗುರುತಿಲ್ಲದ ನಂಬರಿನವು. ಸಾಲ ಬೇಕಾ ಎನ್ನುವವರು, ಸೈಟ್ ಮಾರುವವರು, ನಿಮ್ಮ ಕೆವೈಸಿ ನಿಂತಿದೆ ಎಂದು ಹೆದರಿಸುವವರು. ಎತ್ತದೇ ಬಿಡೋಣ ಅಂದರೆ ಅದೇ ಸಾಲಿನಲ್ಲಿ ಲೋಡಿಗೆ ಬಂದ ಲಾರಿ ಡ್ರೈವರ್ ಇರುತ್ತಾನೆ. ಅವನ ನಂಬರೂ ಹೊಸದೇ.

ಇಂಥವರಿಗೆ ಈಗ ಫೋನಿನಲ್ಲೇ ಒಂದು ಅನುಕೂಲ ಬಂದಿದೆ. ಹೊಸ ನಂಬರಿನಿಂದ ಕರೆ ಬಂದರೆ ಫೋನ್ ತಾನೇ ಎತ್ತಿ ‘ನೀವು ಯಾರು, ಯಾಕೆ ಕರೆ ಮಾಡಿದ್ದೀರಿ’ ಎಂದು ಕೇಳುತ್ತದೆ. ಅವರು ಹೇಳಿದ್ದನ್ನು ಪರದೆಯ ಮೇಲೆ ಅಕ್ಷರದಲ್ಲಿ ತೋರಿಸುತ್ತದೆ. ಓದಿ, ಬೇಕಾದರೆ ಎತ್ತಬಹುದು. ಗೂಗಲ್ ಇಂಥದ್ದನ್ನು 2018ರಲ್ಲೇ ಅಮೆರಿಕದ ಪಿಕ್ಸೆಲ್ ಫೋನುಗಳಲ್ಲಿ ತಂದಿತ್ತು. ಐಫೋನಿಗೆ ಇದು 2025ರ ಸೆಪ್ಟೆಂಬರಿನಲ್ಲಿ, ಐಒಎಸ್ 26ರ ಜೊತೆ ಬಂತು. ಇಲ್ಲಿ ಹೇಳುತ್ತಿರುವುದು ಐಫೋನಿನ ವಿಧಾನ. ಆನ್ ಮಾಡುವುದು ಒಂದು ನಿಮಿಷದ ಕೆಲಸ. ಆನ್ ಮಾಡಿದ ಮೇಲೆ ನಮ್ಮ ಕಡೆಯ ಜನ ಕರೆ ಮಾಡಿದಾಗ ಏನಾಗುತ್ತದೆ ಎನ್ನುವುದೇ ನಿಜವಾದ ವಿಷಯ.

ಮೊದಲು ಆನ್ ಮಾಡೋಣ

ನಿಮ್ಮದು ಐಫೋನ್ 11 ಅಥವಾ ಅದಕ್ಕಿಂತ ಹೊಸದಾಗಿರಬೇಕು. Settings ತೆರೆದು General, ಅಲ್ಲಿಂದ About ಗೆ ಹೋದರೆ iOS Version ಕಾಣುತ್ತದೆ. ಅದು 26 ಅಥವಾ ಅದಕ್ಕಿಂತ ಮುಂದಿನದು ಇರಬೇಕು. ಇಲ್ಲದಿದ್ದರೆ ಅದೇ General ಒಳಗಿನ Software Update ಒತ್ತಿ, ವೈಫೈ ಇರುವ ಕಡೆ ಚಾರ್ಜಿಗೆ ಹಾಕಿ ಬಿಡಿ.

ಆಮೇಲೆ Settings ನಲ್ಲಿ ಕೆಳಗೆ ಹೋಗಿ Apps, ಅದರೊಳಗೆ Phone ಒತ್ತಿ. ಅಲ್ಲಿ Screen Unknown Callers ಎಂಬ ಭಾಗ ಸಿಗುತ್ತದೆ. ಅದರಲ್ಲಿ ಮೂರು ಆಯ್ಕೆ. Never ಅಂದರೆ ಹಳೆಯ ಪದ್ಧತಿ, ಎಲ್ಲ ಕರೆಯೂ ರಿಂಗ್ ಆಗುತ್ತದೆ. Silence ಅಂದರೆ ಹೊಸ ನಂಬರಿನ ಕರೆ ಸದ್ದೇ ಮಾಡುವುದಿಲ್ಲ. ನಮಗೆ ಬೇಕಾದದ್ದು Ask Reason for Calling. ಆ ಭಾಗವೇ ಕಾಣದಿದ್ದರೆ General ಒಳಗಿನ Language & Region ನೋಡಿ. ಭಾಷೆ English (India) ಎಂದಿರಲಿ.

ವ್ಯಾಪಾರ ಮಾಡುವವರು Silence ಹತ್ತಿರ ಹೋಗದಿರುವುದೇ ಒಳ್ಳೆಯದು. ಕರೆ ಮಾಡಿದವರು ಯಾರು, ಯಾಕೆ ಮಾಡಿದರು ಎಂಬುದರ ಸುಳಿವೇ ಸಿಗುವುದಿಲ್ಲ. ಒಂದು ಮಿಸ್ಡ್ ಕಾಲ್ ಉಳಿಯುತ್ತದೆ, ಅಷ್ಟೇ.

ಅದರ ಕೆಳಗೇ Call Filtering ಎಂದು ಇನ್ನೊಂದಿದೆ. ಅದರಲ್ಲಿ Unknown Callers ಆನ್ ಮಾಡಿದರೆ ಹೊಸ ನಂಬರಿನ ಮಿಸ್ಡ್ ಕಾಲ್‌ಗಳು ಮಾಮೂಲಿ ಪಟ್ಟಿಯಿಂದ ಬೇರೆ ಪಟ್ಟಿಗೆ ಹೋಗುತ್ತವೆ. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ‘ಬೆಳಿಗ್ಗೆಯಿಂದ ಯಾರೂ ಫೋನ್ ಮಾಡಿಲ್ಲ’ ಎಂದು ನೀವು ಅಂದುಕೊಂಡಿರುತ್ತೀರಿ, ಕರೆಗಳು ಅಲ್ಲಿ ಹೋಗಿ ಕೂತಿರುತ್ತವೆ. ಅಭ್ಯಾಸ ಆಗುವವರೆಗೆ ಇದನ್ನು ಆಫ್ ಇಡಿ. ಈಗಾಗಲೇ ಆನ್ ಆಗಿದ್ದರೆ, ಫೋನ್ ಆ್ಯಪಿನ ಮೇಲ್ಗಡೆ ಬಲಕ್ಕಿರುವ ಮೂರು ಗೆರೆಯ ಗುರುತು ಒತ್ತಿ, Unknown Callers ಆರಿಸಿ ಆ ಪಟ್ಟಿ ನೋಡಬಹುದು.

ಆ ಕಡೆಯವರಿಗೆ ಏನು ಕೇಳಿಸುತ್ತದೆ?

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕರೆ ಮಾಡಿದವರಿಗೆ ಒಂದು ಯಂತ್ರದ ದನಿ ಇಂಗ್ಲಿಷಿನಲ್ಲಿ ಮಾತಾಡುತ್ತದೆ. ‘ನಿಮ್ಮ ಹೆಸರು, ಕರೆ ಮಾಡಿದ ಕಾರಣ ಹೇಳಿ, ಅವರು ಸಿಗುತ್ತಾರಾ ನೋಡುತ್ತೇನೆ’ ಎನ್ನುವುದು ಅದರ ಸಾರ. ಅಲ್ಲಿಯವರೆಗೆ ನಿಮ್ಮ ಫೋನ್ ರಿಂಗ್ ಆಗುವುದೇ ಇಲ್ಲ. ಅವರು ಉತ್ತರ ಕೊಟ್ಟ ಮೇಲೆ ರಿಂಗ್ ಆಗುತ್ತದೆ, ಅವರು ಹೇಳಿದ್ದು ಪರದೆ ಮೇಲೆ ಬರುತ್ತದೆ. ಉತ್ತರ ಕೊಡದೆ ಇಟ್ಟುಬಿಟ್ಟರೆ ಕರೆ ಬಂದದ್ದು ನಿಮಗೆ ಪಟ್ಟಿ ನೋಡಿದಾಗಲೇ ಗೊತ್ತಾಗುತ್ತದೆ.

ಕನ್ನಡದಲ್ಲಿ ಕೇಳುವ ವ್ಯವಸ್ಥೆ ಐಫೋನಿನಲ್ಲಿ ಬಂದಿಲ್ಲ. ನಮ್ಮ ಕಡೆಯಂತೂ ಕನ್ನಡ, ತೆಲುಗು, ಉರ್ದು ಮೂರೂ ಓಡಾಡುತ್ತವೆ. ‘ಲಾರಿ ಬಂದೈತ್ರಿ ಸಾಹುಕಾರ್ರ, ಕಾಂಟಾದ ಹತ್ರ ನಿಂತೀನಿ’ ಎಂದು ಡ್ರೈವರ್ ಹೇಳಿದರೆ ಯಂತ್ರ ಅದನ್ನೂ ಇಂಗ್ಲಿಷ್ ಎಂದೇ ತಿಳಿದು, ಹತ್ತಿರದ ಸದ್ದಿನ ಇಂಗ್ಲಿಷ್ ಪದಗಳನ್ನು ಜೋಡಿಸುತ್ತದೆ. ಓದಿದರೆ ತಲೆಬುಡ ಗೊತ್ತಾಗುವುದಿಲ್ಲ. ಹಾಗಾಗಿ ಒಂದು ನಿಯಮ ಇಟ್ಟುಕೊಳ್ಳಿ: ಪರದೆ ಮೇಲೆ ಅರ್ಥವಿಲ್ಲದ ಪದಗಳು ಬಂದರೆ ಅದು ಬಹುಶಃ ನಮ್ಮ ಕಡೆಯ ಮನುಷ್ಯನೇ, ಎತ್ತಿ. ಸಾಲ ಮಾರುವವರ ಇಂಗ್ಲಿಷ್ ಸಾಮಾನ್ಯವಾಗಿ ಸ್ವಚ್ಛವಾಗಿ ಬೀಳುತ್ತದೆ.

ಇನ್ನೊಂದು, ಮಿಸ್ಡ್ ಕಾಲ್. ‘ಬಂದು ಮುಟ್ಟಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು’ ಎನ್ನುವುದು ನಮ್ಮಲ್ಲಿ ಇನ್ನೂ ಇದೆ. ಈ ಸೌಲಭ್ಯ ಆನ್ ಇದ್ದರೆ ಆ ಲೆಕ್ಕ ಕೆಡುತ್ತದೆ. ಕರೆಯನ್ನು ಫೋನೇ ಎತ್ತುತ್ತದೆ, ಆ ಕಡೆಯವನು ಗಾಬರಿಯಾಗಿ ಇಡುತ್ತಾನೆ, ನಿಮ್ಮ ಫೋನ್ ಸದ್ದೂ ಮಾಡಿರುವುದಿಲ್ಲ.

ಪ್ರಯೋಗ ಮಾಡಿ ನೋಡಿ

ಆನ್ ಮಾಡಿದ ದಿನವೇ, ನಿಮ್ಮ ಫೋನಿನಲ್ಲಿ ಸೇವ್ ಆಗಿರದ ನಂಬರಿನಿಂದ ಒಬ್ಬರ ಹತ್ತಿರ ಕರೆ ಮಾಡಿಸಿ. ಪಕ್ಕದ ಅಂಗಡಿಯ ಹುಡುಗನಾದರೂ ಸರಿ. ಅವನು ಸ್ಪೀಕರ್ ಹಾಕಿರಲಿ, ಯಂತ್ರ ಏನು ಹೇಳುತ್ತದೆ ಎಂದು ನೀವೇ ಕೇಳಿ. ಮೊದಲ ಸಲ ಅವನು ಎಂದಿನಂತೆ ಕನ್ನಡದಲ್ಲಿ ಉತ್ತರಿಸಲಿ. ಎರಡನೇ ಸಲ ‘ಲಾರಿ ಡ್ರೈವರ್, ರೈಸ್ ಲೋಡ್, ಗಂಗಾವತಿ’ ಎಂದಷ್ಟೇ ಬಿಡಿಬಿಡಿಯಾಗಿ ಹೇಳಲಿ. ಎರಡಕ್ಕೂ ಪರದೆ ಮೇಲೆ ಬಂದದ್ದನ್ನು ಹೋಲಿಸಿ. ಲಾರಿ, ಡ್ರೈವರ್, ಲೋಡ್, ಪಾರ್ಸೆಲ್, ಗ್ಯಾಸ್, ಬ್ಯಾಂಕ್, ಹಾಸ್ಪಿಟಲ್ ಎಲ್ಲವೂ ಹಮಾಲರಿಂದ ಹಿಡಿದು ಎಲ್ಲರ ಬಾಯಲ್ಲೂ ಇರುವ ಇಂಗ್ಲಿಷ್ ಪದಗಳೇ ಅಲ್ವಾ? ಯಂತ್ರಕ್ಕೆ ಅವು ಸುಲಭ. ನಿಮಗೂ ಅಷ್ಟು ಸಾಕು.

ಈಗ ಲಾರಿಯ ವಿಷಯಕ್ಕೇ ಬರೋಣ. ಟ್ರಾನ್ಸ್‌ಪೋರ್ಟ್ ಆಫೀಸಿಗೆ ಫೋನ್ ಮಾಡಿ ಲಾರಿ ಹೇಳಿದ್ದೀರಿ. ‘ಸಂಜೆಗೆ ಬರ್ತದ್ರಿ’ ಅಂದಿದ್ದಾರೆ. ಆಗಲೇ ಡ್ರೈವರ್ ನಂಬರನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಲು ಹೇಳಿ, ಲಾರಿಯ ನಂಬರ್ ಹೆಸರಲ್ಲೇ ಸೇವ್ ಮಾಡಿ. ಸೇವ್ ಆದ ನಂಬರನ್ನು ಯಂತ್ರ ತಡೆಯುವುದಿಲ್ಲ, ನೇರ ರಿಂಗ್ ಆಗುತ್ತದೆ. ಕೆಲಸ ಮುಗಿದ ಮೇಲೆ ಅಳಿಸಿ ಹಾಕಬಹುದು. ಆದರೆ ಡ್ರೈವರುಗಳಿಗೆ ಎರಡು ಸಿಮ್ ಇರುವುದು ಮಾಮೂಲು. ಕೊಟ್ಟ ನಂಬರ್ ಒಂದು, ಕರೆ ಬರುವುದು ಇನ್ನೊಂದರಿಂದ. ಆದ್ದರಿಂದ ಟ್ರಾನ್ಸ್‌ಪೋರ್ಟಿನವರಿಗೆ ಒಂದು ಮಾತು ಸೇರಿಸಿ: ‘ಫೋನ್ ಎತ್ತಿದ ಕೂಡಲೆ ಒಂದು ಹೆಣ್ಣೋ ಗಂಡೋ ಇಂಗ್ಲಿಷಿನಾಗ ಮಾತಾಡ್ತದ, ಇಡಬ್ಯಾಡ ಅಂತ ಹೇಳ್ರಿ. ಲಾರಿ ಡ್ರೈವರ್ ಅಂತ ಅಂದ್ರ ಸಾಕು.’

ಒಂದೇ ದಿನ ನಾಲ್ಕೈದು ಲಾರಿ ಬರುವುದಿದ್ದರೆ ಇಷ್ಟೆಲ್ಲ ತಲೆಬಿಸಿ ಬೇಡ. ಅವತ್ತಿನ ಮಟ್ಟಿಗೆ Never ಗೆ ಬದಲಿಸಿ, ರಾತ್ರಿ ವಾಪಸ್ ಹಾಕಿ.

ಆಸ್ಪತ್ರೆಯ ಕರೆಗೂ ಹೀಗೆಯೇ. ಮನೆಯವರು ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಅಡ್ಮಿಟ್ ಆಗಿದ್ದರೆ ಅಷ್ಟೂ ದಿನ Never ಇರಲಿ. ಬೋರ್ಡಿನ ಮೇಲಿನ ಲ್ಯಾಂಡ್‌ಲೈನ್ ಸೇವ್ ಮಾಡಿದರೂ ವಾರ್ಡಿನಿಂದ ಬರುವ ಕರೆ ಬೇರೆ ನಂಬರಿನದೋ, ನರ್ಸಿನ ಸ್ವಂತ ಮೊಬೈಲಿನದೋ ಆಗಿರಬಹುದು. ಅಂಥ ಹೊತ್ತಿನಲ್ಲಿ ಯಂತ್ರದ ಪ್ರಶ್ನೆಗೆ ಉತ್ತರಿಸುತ್ತಾ ನಿಲ್ಲುವ ಪುರುಸೊತ್ತು ಅವರಿಗೆ ಇರುವುದಿಲ್ಲ. 08392 ಬಳ್ಳಾರಿ, 08532 ರಾಯಚೂರು, 08539 ಕೊಪ್ಪಳ. ಈ ಕೋಡುಗಳಿಂದ ಶುರುವಾಗುವ ಮಿಸ್ಡ್ ಕಾಲ್ ಕಂಡರೆ ತಿರುಗಿ ಮಾಡುವುದು ಮೇಲು.

ಹೇಳಿದ್ದೆಲ್ಲ ನಿಜವಲ್ಲ

ಪರದೆ ಮೇಲೆ ಬರುವುದು ಕರೆ ಮಾಡಿದವನು ಹೇಳಿದ ಮಾತು ಮಾತ್ರ. ಅದನ್ನು ಫೋನ್ ಪರೀಕ್ಷೆ ಮಾಡಿರುವುದಿಲ್ಲ. ‘ಬ್ಯಾಂಕಿನಿಂದ, ಕೆವೈಸಿ ವಿಷಯ’ ಎಂದು ಮೋಸಗಾರನೂ ಹೇಳುತ್ತಾನೆ. ಹೇಳಿದ್ದನ್ನು ನಂಬರಿನ ಜೊತೆ ಸೇರಿಸಿ ಓದಬೇಕು. ಬ್ಯಾಂಕುಗಳ ಸೇವೆಯ ಕರೆಗಳಿಗೆ 1600ರಿಂದ ಶುರುವಾಗುವ ನಂಬರುಗಳನ್ನು, ಜಾಹೀರಾತಿನ ಕರೆಗಳಿಗೆ 140ರ ಸರಣಿಯನ್ನು ಟ್ರಾಯ್ ಗೊತ್ತುಮಾಡಿದೆ. ಮಾಮೂಲಿ ಹತ್ತಂಕಿಯ ಮೊಬೈಲ್ ನಂಬರಿನಿಂದ ‘ಬ್ಯಾಂಕ್’ ಎಂದು ಬಂದರೆ ಎತ್ತಬೇಡಿ. ಅನುಮಾನ ಉಳಿದರೆ ಕಾರ್ಡಿನ ಹಿಂಬದಿಯ ನಂಬರಿಗೆ ನೀವೇ ಕರೆ ಮಾಡಿ. ಯಾವ ನಂಬರಿನಿಂದ ಬಂದವರಿಗೂ ಒಟಿಪಿ ಕೊಡಬೇಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಾಗಂತ 1600ರ ನಿಜವಾದ ಕರೆಯೂ ಸಲೀಸಾಗಿ ಬರುವುದಿಲ್ಲ. ಅದು ಸೇವ್ ಆಗಿರದ ನಂಬರ್ ತಾನೇ, ಯಂತ್ರ ಅದನ್ನೂ ನಿಲ್ಲಿಸಿ ಕೇಳುತ್ತದೆ. ಆ ಕಡೆಯೂ ರೆಕಾರ್ಡ್ ಮಾಡಿದ ದನಿಯೇ ಇದ್ದರೆ ಎರಡು ಯಂತ್ರಗಳು ಒಂದರ ಮೇಲೊಂದು ಮಾತಾಡಿಕೊಳ್ಳುತ್ತವೆ. ಒಟಿಪಿಯನ್ನು ಕರೆಯಲ್ಲಿ ಓದಿ ಹೇಳುವ ಸೇವೆಗಳಲ್ಲಿ ಈ ತೊಂದರೆ ಬರಬಹುದು. ಒಟಿಪಿ ಕರೆ ಕೇಳಿಕೊಳ್ಳುವ ಮುಂಚೆ Never ಗೆ ಹಾಕಿಕೊಂಡರೆ ಮುಗಿಯಿತು.

ಜಾಹೀರಾತು ಕರೆ ಕಡಿಮೆ ಮಾಡಲು ಹಳೆಯ ದಾರಿಯೂ ಇದೆ. 1909ಕ್ಕೆ ಈ ಎಸ್ಎಂಎಸ್ ಕಳಿಸಿ:

```
START 0
```

ಇದು ನೋಂದಾಯಿತ ಕಂಪನಿಗಳ ಪ್ರಚಾರದ ಕರೆಗಳನ್ನು ತಡೆಯುತ್ತದೆ. ಹತ್ತಂಕಿಯ ಖಾಸಗಿ ಸಿಮ್‌ನಿಂದ ಕಾಡುವವರಿಗೆ ಇದರ ಲೆಕ್ಕವಿಲ್ಲ. ಅವರಿಗಾಗಿಯೇ ಮೇಲಿನ ಯಂತ್ರ.

ಪಿಕ್ಸೆಲ್ ಇದ್ದವರು ಕರೆ ರಿಂಗ್ ಆಗುವಾಗ Screen call ಎಂಬ ಬಟನ್ ಕಾಣುತ್ತದಾ ನೋಡಿ. ಕಂಡರೆ ಬೇಕಾದ ಕರೆಗೆ ಮಾತ್ರ ಅದನ್ನು ಒತ್ತಬಹುದು. ಬೇರೆ ಆಂಡ್ರಾಯ್ಡ್ ಫೋನುಗಳಲ್ಲಿ ಕಂಪನಿಗೊಂದು ರೀತಿ ಇರುತ್ತದೆ.

ಇದೆಲ್ಲ ಸಿಮ್ ಮೇಲೆ ಬರುವ ಕರೆಗೆ. ವಾಟ್ಸ್‌ಆ್ಯಪ್ ಕರೆಗೆ ಬೇರೆಯೇ ಬೀಗ ಹಾಕಬೇಕು. ವಾಟ್ಸ್‌ಆ್ಯಪಿನ Settings ನಲ್ಲಿ Privacy, ಅದರಲ್ಲಿ Calls, ಅಲ್ಲಿ Silence unknown callers ಆನ್ ಮಾಡಿ. ಅದು ಕಾರಣ ಕೇಳುವುದಿಲ್ಲ, ಸುಮ್ಮನಾಗಿಸುತ್ತದೆ ಅಷ್ಟೇ. ಕರೆ ಬಂದದ್ದು ವಾಟ್ಸ್‌ಆ್ಯಪಿನ ಕರೆಗಳ ಪಟ್ಟಿಯಲ್ಲಿ ಉಳಿದಿರುತ್ತದೆ. ಲಾರಿಯವರು ಈಗೀಗ ವಾಟ್ಸ್‌ಆ್ಯಪಿನಲ್ಲೇ ಕರೆ ಮಾಡುವುದು ಜಾಸ್ತಿ. ಅವರಿಗೆ ‘ಸಿಮ್ ಮೇಲೆ ಮಾಡ್ರಿ’ ಎಂದು ಮೊದಲೇ ಹೇಳಿಡಿ.