ಜಾಹೀರಾತು ತೆಗೆದ ಜಾಗದಲ್ಲಿ ಒಡೆಯುತ್ತಿದ್ದ ಚಿತ್ರ: ನನ್ನ ಅನುಭವ

ನಾಪೋಕ್ಲುವಿನ ನಮ್ಮ ಮನೆಯಲ್ಲಿ ಟಿವಿ ಟ್ಯೂನರ್ ಮೂಲಕ ದಾಖಲಿಸಿದ್ದ ಕೊಡವ ಕೌಟುಂಬಿಕ ಹಾಕಿ ಪಂದ್ಯದಿಂದ ಜಾಹೀರಾತುಗಳನ್ನು ತೆಗೆದಾಗ, ಜೋಡಿಸಿದ ಪ್ರತಿ ಜಾಗದಲ್ಲೂ ಚಿತ್ರ ಕ್ಷಣಕಾಲ ಚೌಕಚೌಕವಾಗಿ ಒಡೆಯುತ್ತಿತ್ತು. ಇಂತಹ ವಿಡಿಯೊದಲ್ಲಿ ಕೀಫ್ರೇಮ್ ಮಾತ್ರ ಸ್ವತಂತ್ರವಾದ ಪೂರ್ಣ ಚಿತ್ರವಾಗಿದ್ದು, ಉಳಿದ ಫ್ರೇಮುಗಳು ಅಕ್ಕಪಕ್ಕದವುಗಳನ್ನು ಆಧರಿಸಿರುವುದರಿಂದ, ಮರುಸಂಕೇತನವಿಲ್ಲದೆ, ಅಂದರೆ ಚಿತ್ರದ ದತ್ತಾಂಶವನ್ನು ಹೊಸದಾಗಿ ರೂಪಿಸದೆ ಇದ್ದಂತೆಯೇ ನಕಲಿಸಿ, ಕತ್ತರಿಸಿದಾಗ ಆಟ ಮರಳುವ ಮೊದಲ ಫ್ರೇಮ್ ಕೀಫ್ರೇಮೇ ಆಗಿರಬೇಕು.

ಆದ್ದರಿಂದ Avidemux ತಂತ್ರಾಂಶದಲ್ಲಿ ವಿಡಿಯೊ, ಆಡಿಯೊ ಎರಡನ್ನೂ Copy ಎಂದಿರಿಸಿ, ಜಾಹೀರಾತಿನ ಆರಂಭಕ್ಕೆ A ಗುರುತು ಹಾಕಿದೆ; ಅದು ಮುಗಿಯುವ ಕಡೆ ಮೇಲ್ಬಾಣದ ಕೀಲಿಯಿಂದ ಮುಂದಿನ ಕೀಫ್ರೇಮಿಗೆ ಹೋಗಿ, ಫ್ರೇಮಿನ ಬಗೆ I ಎಂದು ಖಚಿತಪಡಿಸಿಕೊಂಡು, B ಗುರುತಿಟ್ಟು ಅಳಿಸಿದೆ. ಒಡಕು ನಿಂತಿತು. ಆ ಕೀಫ್ರೇಮಿಗೆ ಮೊದಲೇ ಆಟ ಶುರುವಾಗಿದ್ದ ಒಂದೆಡೆ ಮಾತ್ರ ಹಿಂದಿನ ಕೀಫ್ರೇಮನ್ನು ಆರಿಸಿದೆ. ಜಾಹೀರಾತಿನ ತುಣುಕು ಉಳಿದರೂ ಪೆನಾಲ್ಟಿ ಕಾರ್ನರ್ ಕಳೆದುಹೋಗಬಾರದು.