ಹನ್ನೊಂದು ವರ್ಷವನ್ನು ಒಂದು ಸೋಮವಾರದೊಳಗೆ ತಂದದ್ದು

ಕಥೆ ನನ್ನದೇ. ಒಂದು ದೀಪಾವಳಿ ವಿಶೇಷಾಂಕದಲ್ಲಿ ಅಚ್ಚಾಗಿತ್ತು, 12 ಪುಟ. ಮೋಟೆಬೆನ್ನೂರಿನ ಕಡೆಯ ಗಂಗವ್ವ ಎಂಬ ಹೆಂಗಸು ಗಂಡ ತೀರಿಹೋದ ಮೇಲೆ 11 ವರ್ಷ ಒಬ್ಬಳೇ ಮೆಣಸಿನಕಾಯಿ ಬೆಳೆದು ಬ್ಯಾಡಗಿ ಪೇಟೆಗೆ ತರುತ್ತಾಳೆ. ಹೊಲ ಗಂಡನ ಹೆಸರಿನಲ್ಲಿದೆ, ಸಾಲ ಗಂಡನ ಹೆಸರಿನಲ್ಲಿದೆ, ದಲಾಲಿ ಅಂಗಡಿಯ ಲೆಕ್ಕವೂ ಅವನ ಹೆಸರಿನಲ್ಲೇ ಇದೆ. ದುಡಿದವಳ ಹೆಸರು ಎಲ್ಲಿಯೂ ಇಲ್ಲ. ಇದನ್ನು 20 ನಿಮಿಷದ ಕಿರುಚಿತ್ರ ಮಾಡೋಣ ಎಂದು ಧಾರವಾಡದ ರಂಗಭೂಮಿಯ ಗೆಳೆಯರು ಹೇಳಿದಾಗ, ನನ್ನದೇ ಕಥೆಯಲ್ಲವೇ, ಹತ್ತು ದಿನದ ಕೆಲಸ ಎಂದುಕೊಂಡು ಒಪ್ಪಿದೆ. ಏಳು ತಿಂಗಳು ಹಿಡಿಯಿತು.

ಮೊದಲ ಕರಡು 41 ಪುಟವಾಯಿತು. ಮದುವೆ, ಗಂಡನ ಸಾವು, ಮಗ ಹುಬ್ಬಳ್ಳಿಗೆ ಹೋದದ್ದು, ಸವಣೂರಿನಲ್ಲಿ ತಂಗಿಯ ಮದುವೆ, ಎರಡು ಬರಗಾಲ ಎಲ್ಲವೂ ಅದರಲ್ಲಿದ್ದವು. ನಡುನಡುವೆ ಗಂಗವ್ವನ ದನಿ ಹಿನ್ನೆಲೆಯಲ್ಲಿ ತನ್ನ ಮನಸ್ಸನ್ನು ಹೇಳಿಕೊಳ್ಳುತ್ತಿತ್ತು. ಗೆಳೆಯರೊಬ್ಬರ ಮನೆಯಲ್ಲಿ ಓದಿಸಿದೆವು. ಒಳ್ಳೆಯ ಕಲಾವಿದೆ, ಚೆನ್ನಾಗಿಯೇ ಓದಿದರು. ಆದರೆ ಹಿನ್ನೆಲೆಯ ದನಿ ಬಂದಾಗಲೆಲ್ಲ ಕುಳಿತವರು ಹಾಳೆಯಿಂದ ಕಣ್ಣು ಎತ್ತಿ ಎತ್ತಲೋ ನೋಡುತ್ತಿದ್ದರು. ದನಿಯೇ ಎಲ್ಲವನ್ನೂ ಹೇಳಿಬಿಡುತ್ತಿದ್ದಾಗ ದೃಶ್ಯಕ್ಕೆ ಮಾಡಲು ಏನೂ ಉಳಿದಿರಲಿಲ್ಲ.

ಮರುದಿನ ಅಚ್ಚಾದ ಕಥೆಯನ್ನೇ ಮುಂದಿಟ್ಟುಕೊಂಡು ಮೂರು ಬಣ್ಣದ ಪೆನ್ಸಿಲ್ ಹಿಡಿದೆ. ಕಣ್ಣಿಗೆ ಕಾಣುವ ವಾಕ್ಯಕ್ಕೆ ಹಸಿರು, ಕಿವಿಗೆ ಕೇಳುವುದಕ್ಕೆ ನೀಲಿ, ಮನಸ್ಸಿನೊಳಗೆ ಮಾತ್ರ ನಡೆಯುವುದಕ್ಕೆ ಕೆಂಪು. ಮುಗಿಯುವ ಹೊತ್ತಿಗೆ ಕಥೆಯ ಮುಕ್ಕಾಲು ಭಾಗ ಕೆಂಪಾಗಿತ್ತು. ಅಂದುಕೊಂಡಳು, ಹೊಳೆಯಿತು, ನೆನಪಾಯಿತು, ಅನ್ನಿಸಿತು. ಕಥೆಗಾರನಾಗಿ ನಾನು ಎಷ್ಟು ನೆಚ್ಚಿಕೊಂಡಿದ್ದ ಕ್ರಿಯಾಪದಗಳು ಇವು! ಕ್ಯಾಮೆರಾದ ಮುಂದೆ ಇವುಗಳಲ್ಲಿ ಒಂದೂ ನಿಲ್ಲುವುದಿಲ್ಲ. ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು ರೂಪ. ‘ಪ್ರತಿ ವರ್ಷ ಹೋಗುತ್ತಿದ್ದಳು’, ‘ಗುಮಾಸ್ತ ತಲೆ ಎತ್ತದೆ ಬರೆಯುತ್ತಿದ್ದ’ ಎಂದು ಕಥೆಯಲ್ಲಿ ಒಂದೇ ಪದದಿಂದ ಹನ್ನೊಂದು ವರ್ಷ ದಾಟಬಹುದು. ಚಿತ್ರಕಥೆಯನ್ನು ವರ್ತಮಾನದಲ್ಲಿ ಬರೆಯಬೇಕು. ಅಲ್ಲಿ ‘ಹೋಗುತ್ತಾಳೆ’ ಮಾತ್ರ ಇದೆ, ‘ಹೋಗುತ್ತಿದ್ದಳು’ ಎಂಬುದು ಇಲ್ಲ. ರೂಢಿಯನ್ನು ತೋರಿಸಬೇಕಾದರೂ ಒಂದೇ ಸಲ ನಡೆಯುವ ಕೆಲಸದಲ್ಲಿ ತೋರಿಸಬೇಕು.

ಆಗ 11 ವರ್ಷವನ್ನೂ ಬಿಟ್ಟು ಒಂದೇ ದಿನವನ್ನು ಹಿಡಿದುಕೊಂಡೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ನಡೆಯುವುದು ಸೋಮವಾರ ಮತ್ತು ಗುರುವಾರ. ಗಂಗವ್ವ ಚೀಲಗಳೊಂದಿಗೆ ಬರುವ ಒಂದು ಸೋಮವಾರ, ಅಷ್ಟೇ ಸಿನಿಮಾ. ಕಥೆಯಲ್ಲಿದ್ದ ಹಿಂದಿನ ಪ್ರತಿ ಘಟನೆಯ ಎದುರಿಗೂ ಒಂದು ಪ್ರಶ್ನೆ ಬರೆದೆ: ಇದರ ಗುರುತು ಈ ಸೋಮವಾರದ ದಿನ ಯಾವ ವಸ್ತುವಿನಲ್ಲಿ, ಯಾರ ನಡವಳಿಕೆಯಲ್ಲಿ ಉಳಿದಿದೆ? ಉತ್ತರ ಸಿಕ್ಕಿದ್ದು ಉಳಿಯಿತು, ಸಿಗದದ್ದು ಹೋಯಿತು. ಸವಣೂರಿನ ಮದುವೆ ಹೋಯಿತು. ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಎರಡು ಪುಟಗಳು ಅವು. ಆದರೆ ಆ ಮದುವೆಯ ಯಾವ ಗುರುತೂ ಪೇಟೆಯ ದಿನದೊಳಗೆ ಇರಲಿಲ್ಲ, ಬಲವಂತವಾಗಿ ತುರುಕಿದರೆ ಅದೊಂದು ನೆನಪಿನ ದೃಶ್ಯವೇ ಆಗುತ್ತಿತ್ತು.

ಉಳಿದದ್ದರಲ್ಲಿ ಮೊದಲನೆಯದು ಮನೆಯ ಗೋಡೆಯ ತಂತಿ. ದಲಾಲಿ ಅಂಗಡಿಯಿಂದ ಬಂದ ಲೆಕ್ಕದ ಪಟ್ಟಿಗಳನ್ನು ನಮ್ಮ ಕಡೆಯ ಮನೆಗಳಲ್ಲಿ ಬಾಗಿದ ತಂತಿಗೆ ಚುಚ್ಚಿ ನೇತುಹಾಕುತ್ತಾರೆ. ಕೆಳಗಿನವು ಹಳದಿಯಾಗಿ ಅಂಚು ಮುರಿದಿರುತ್ತವೆ, ಮೇಲಿನವು ಬೆಳ್ಳಗಿರುತ್ತವೆ. ನಸುಕಿನಲ್ಲಿ ಗಂಗವ್ವ ತಂತಿಯಿಂದ ಕಳೆದ ವರ್ಷದ ಪಟ್ಟಿಯನ್ನು ಬಿಡಿಸಿಕೊಳ್ಳುವಾಗ ಉಳಿದವು ಒಂದರ ಹಿಂದೆ ಒಂದು ಸರಿಯುತ್ತವೆ, ಎಲ್ಲದರ ಮೇಲೂ ಒಂದೇ ಹೆಸರು. ಕಥೆಯ ಮೂರು ಪುಟ ಇಲ್ಲಿ ಎಂಟು ಸೆಕೆಂಡಿನಲ್ಲಿ ಮುಗಿಯುತ್ತವೆ.

ಎರಡನೆಯದು ಗುಮಾಸ್ತ. ಕಥೆಯಲ್ಲಿ ಹೀಗಿತ್ತು: ‘ಪ್ರತಿ ವರ್ಷವೂ ಅವನು ಗಂಡನ ಹೆಸರನ್ನೇ ಬರೆಯುತ್ತಿದ್ದ. ತನ್ನ ಹೆಸರು ಹೇಳಬೇಕೆಂದು ಪ್ರತಿ ವರ್ಷವೂ ಅಂದುಕೊಳ್ಳುತ್ತಿದ್ದಳು. ಬಾಯಿ ಬರುತ್ತಿರಲಿಲ್ಲ.’ ಚಿತ್ರಕಥೆಯಲ್ಲಿ ಹೀಗಾಯಿತು:

ಒಳಾಂಗಣ. ದಲಾಲಿ ಅಂಗಡಿ. ಬೆಳಿಗ್ಗೆ.
ಗುಮಾಸ್ತ ಚೀಟಿಯ ಮೇಲೆ ಬರೆಯುತ್ತಿದ್ದಾನೆ. ಗಂಗವ್ವ ಎದುರಿಗೆ ಬಂದು ನಿಲ್ಲುತ್ತಾಳೆ. ಅವನು ಅವಳ ಕಾಲನ್ನಷ್ಟೇ ನೋಡಿ, ಏನೂ ಕೇಳದೆ, ಹೆಸರು ಬರೆದು ಚೀಟಿ ಹರಿಯುತ್ತಾನೆ. ಗಂಗವ್ವ ಬಾಯಿ ತೆರೆಯುತ್ತಾಳೆ. ಚೀಟಿ ಆಗಲೇ ಅವಳ ಕೈಯಲ್ಲಿದೆ.

ಮೊದಲು ಬರೆದಾಗ ಗುಮಾಸ್ತ ಕೇಳುತ್ತಿದ್ದ, ಅವಳು ಗಂಡನ ಹೆಸರು ಹೇಳುತ್ತಿದ್ದಳು. ಕೇಳುವುದನ್ನು ತೆಗೆದುಹಾಕಿದ ಕೂಡಲೇ ರೂಢಿ, ಕಾಲ, ಅವಳ ಹಿಂಜರಿಕೆ ಮೂರೂ ಒಂದೇ ಚಲನೆಯಲ್ಲಿ ಬಂದವು. ಕೇಳುವ ಅಗತ್ಯವೇ ಇಲ್ಲದಷ್ಟು ವರ್ಷಗಳಾಗಿವೆ ಎಂಬುದನ್ನು ಯಾರೂ ಹೇಳಬೇಕಾಗಲಿಲ್ಲ.

ಆದರೂ ಎರಡನೆಯ ಓದಿನಲ್ಲಿ ದೊಡ್ಡ ತೊಡಕು ಕಾಣಿಸಿತು. ಓದು ಮುಗಿದ ಮೇಲೆ ನಾನು ‘ಹೇಗಿದೆ’ ಎಂದು ಕೇಳಲಿಲ್ಲ, ‘ಗಂಗವ್ವನ ಗಂಡ ಈಗ ಎಲ್ಲಿದ್ದಾನೆ’ ಎಂದು ಕೇಳಿದೆ. ಆರು ಜನರಲ್ಲಿ ನಾಲ್ವರು, ಮನೆಯಲ್ಲಿ ಕಾಯಿಲೆಯಿಂದ ಮಲಗಿದ್ದಾನೆ ಎಂದರು. ಕಥೆ ಗೊತ್ತಿದ್ದ ನನಗೆ ಮಾತ್ರ ಅವನು ಸತ್ತಿದ್ದ! ಹಾರ ಹಾಕಿದ ಫೋಟೋ ತೋರಿಸಿ ಎಂದರು ಒಬ್ಬರು. ನನಗೆ ಮನಸ್ಸಾಗಲಿಲ್ಲ, ಅದು ಪ್ರೇಕ್ಷಕನಿಗಾಗಿ ನೇತುಹಾಕಿದ ಫಲಕವಾಗುತ್ತದೆ. ಮಾಹಿತಿಯನ್ನು ಜಗಳದೊಳಗೆ ಇಡುವುದು ಮೇಲು. ಹುಬ್ಬಳ್ಳಿಯಿಂದ ಮಗ ಫೋನ್ ಮಾಡುತ್ತಾನೆ, ಹೊಲ ಮಾರುವ ಆತುರ ಅವನದು: ‘ಅವ್ವಾ, ಈ ವರ್ಷವಾದರೂ ವಾರಸಾ ಮಾಡಿಸು.’ (ಚಿತ್ರದಲ್ಲಿ ಮಾತು ಹಾವೇರಿಯ ಆಡುನುಡಿಯಲ್ಲಿದೆ, ಇಲ್ಲಿ ಬರಹದ ರೂಪದಲ್ಲಿ ಕೊಟ್ಟಿದ್ದೇನೆ.) ಸತ್ತವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವ ಈ ವಾರಸಾ ಏನೆಂದು ನಮ್ಮ ಕಡೆಯ ಯಾವ ಮನೆಗೂ ವಿವರಿಸಬೇಕಿಲ್ಲ. ಗಂಡ ಸತ್ತಿದ್ದಾನೆ, ಹೊಲ ಅವನ ಹೆಸರಿನಲ್ಲೇ ಇದೆ, ಹಲವು ವರ್ಷವಾಗಿದೆ, ಮಗನಿಗೆ ಬೇಕಿರುವುದು ಕಾಗದ. ನಾಲ್ಕೂ ಆ ಒಂದು ಮಾತಿನಲ್ಲಿವೆ.

ಆ ಫೋನಿನ ದೃಶ್ಯದಲ್ಲಿ ಗಂಗವ್ವ ಏನು ಯೋಚಿಸುತ್ತಾಳೆ ಎಂಬುದಕ್ಕೆ ಕಥೆಯಲ್ಲಿ ಒಂದೂವರೆ ಪುಟ ಕೆಂಪು ಗೆರೆಗಳಿದ್ದವು. ಅಳು, ನಿಟ್ಟುಸಿರು, ದೂರಕ್ಕೆ ನೆಟ್ಟ ನೋಟ ಎಂದು ಬರೆಯುವುದು ಸುಲಭ, ಅವು ಯಾರ ಯಾವ ದುಃಖಕ್ಕೂ ಹೊಂದುತ್ತವೆ. ನಾನು ಅವಳ ಕೈಯಲ್ಲಿ ಏನಿದೆ ಎಂದು ನೋಡಿದೆ. ಸುಗ್ಗಿಯಲ್ಲಿ ಎರಡು ಸೋಮವಾರ ಬ್ಯಾಡಗಿ ಪೇಟೆಯಲ್ಲಿ ಕುಳಿತು ಬಂದಿದ್ದೆ. ಖರೀದಿದಾರರು ಬಂದು ಕಾಯಿಯನ್ನು ಹಿಡಿಯಲ್ಲಿ ಎತ್ತಿ ನೋಡುವ ಮೊದಲು ಕೆಲವು ಹೆಂಗಸರು ತಮ್ಮ ರಾಶಿಯ ಬದಿಯಲ್ಲಿ ಕುಳಿತು, ಬಣ್ಣಗೆಟ್ಟ ಬಿಳಿ ಕಾಯಿಗಳನ್ನು ಆರಿಸಿ ತೆಗೆಯುತ್ತಿದ್ದರು. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣದಿಂದ. ಖಾರ ಕಡಿಮೆ, ಕೆಂಪು ಗಾಢ, ಮೈಯೆಲ್ಲ ನೆರಿಗೆ. ಹಾಗಾಗಿ ಬಿಳಿ ಕಾಯಿ ಕಂಡರೆ ಅವರ ಕೈ ತಾನೇ ಅದರತ್ತ ಹೋಗುತ್ತದೆ.

ಗಂಗವ್ವನಿಗೂ ಅದೇ ಕೆಲಸ ಕೊಟ್ಟೆ. ಮೊದಲ ಸಲ ತೋರಿಸುವಾಗ ನಿಯಮ ತಿಳಿಯಬೇಕು: ಕೆಂಪು ಬಲಕ್ಕೆ, ಬಿಳಿ ಎಡಕ್ಕೆ, ನೋಡದೆಯೇ, ಒಂದು ಲಯದಲ್ಲಿ. ಮುಂದಿನ ದೃಶ್ಯದಲ್ಲಿ ಫೋನ್ ಭುಜ ಮತ್ತು ಕಿವಿಯ ನಡುವೆ ಇದೆ, ಕೈ ಅದೇ ಲಯದಲ್ಲಿದೆ. ಮಗ ‘ವಾರಸಾ’ ಎಂದಾಗ ಅಚ್ಚಗೆಂಪು ಕಾಯೊಂದು ಎಡಕ್ಕೆ ಬೀಳುತ್ತದೆ. ಆಮೇಲೆ ಇನ್ನೊಂದು. ಮಗ ಮಾತಾಡುತ್ತಲೇ ಇರುತ್ತಾನೆ. ಅವಳು ಎಡಗಡೆ ನೋಡುತ್ತಾಳೆ, ಎರಡನ್ನೂ ಹೆಕ್ಕಿ ತಿರುಗಿ ಬಲಕ್ಕೆ ಇಡುತ್ತಾಳೆ, ‘ಆಮೇಲೆ ಮಾತಾಡೋಣ’ ಎಂದು ಫೋನ್ ಇಡುತ್ತಾಳೆ. ಅವಳು ಹೊಲ ಬಿಟ್ಟುಕೊಡುವುದಿಲ್ಲ ಎಂದು ಪ್ರೇಕ್ಷಕನಿಗೆ ಗೊತ್ತಾಗುವುದು ಆ ಎರಡು ಕಾಯಿಗಳನ್ನು ತಿರುಗಿ ಹೆಕ್ಕುವುದರಲ್ಲಿ. ನಿಯಮದ ದೃಶ್ಯವನ್ನು ಒಮ್ಮೆ ಉದ್ದ ಹೆಚ್ಚಾಯಿತೆಂದು ಕತ್ತರಿಸಿ ಓದಿಸಿದೆ. ಆಗ ಕೈ ತಪ್ಪಿದ್ದನ್ನು ಒಬ್ಬರೂ ಗಮನಿಸಲಿಲ್ಲ. ತಿರುಗಿ ಸೇರಿಸಿದೆ.

ಕೊನೆಯನ್ನು ಪೇಟೆಯೇ ತಿದ್ದಿತು. ಸಂಜೆ ಲೆಕ್ಕದ ಪಟ್ಟಿ ಬರೆಯುವಾಗ ಗಂಗವ್ವ ತನ್ನ ಹೆಸರು ಹೇಳುತ್ತಾಳೆ ಎಂದು ಬರೆದಿದ್ದೆ. ಪೇಟೆಯ ವ್ಯವಹಾರ ಬಲ್ಲ ಹಿರಿಯರೊಬ್ಬರು ಅದನ್ನು ಓದಿ, ಬೆಳಿಗ್ಗೆ ರಾಶಿಯ ಚೀಟಿಯಲ್ಲಿ ಒಂದು ಹೆಸರು, ಸಂಜೆ ಪಟ್ಟಿಯಲ್ಲಿ ಇನ್ನೊಂದು ಹೆಸರು ಹೇಗೆ ಬರುತ್ತದೆ, ತಿದ್ದಿಸುವುದಿದ್ದರೆ ಖರೀದಿದಾರರು ದರ ಹಾಕುವ ಟೆಂಡರಿಗೆ ಮೊದಲೇ ತಿದ್ದಿಸಬೇಕಲ್ಲವೇ ಎಂದರು. ಒಂದು ವಾರ ಕೈ ಕಟ್ಟಿಹೋದಂತಾಯಿತು. ಆಮೇಲೆ ಆ ತಕರಾರೇ ನನಗೆ ಬೇಕಾಗಿದ್ದದ್ದು ಎಂದು ಕಂಡಿತು. 11 ವರ್ಷ ಮುಂದೂಡಿದ್ದ ಮಾತಿಗೆ ಈಗ ಒಂದು ಗಡುವು ಸಿಕ್ಕಿತು. ಖರೀದಿದಾರರು ಒಂದೊಂದೇ ರಾಶಿ ನೋಡುತ್ತ ಹತ್ತಿರ ಬರುತ್ತಿದ್ದಾರೆ, ಅಷ್ಟರೊಳಗೆ ಅವಳು ಅಂಗಡಿಗೆ ಹೋಗಬೇಕು. ರಾಶಿ ಬಿಟ್ಟು ಎದ್ದರೆ ಕಾಯುವವರಿಲ್ಲ. ಎದ್ದು ಎರಡು ಹೆಜ್ಜೆ ಹೋಗಿ, ತಿರುಗಿ ಬಂದು, ಪಕ್ಕದ ರಾಶಿಯ ಅಪರಿಚಿತ ಹುಡುಗನ ಕೈಗೆ ತನ್ನ ಊಟದ ಬುತ್ತಿ ಕೊಟ್ಟು ಕೂರಿಸಿ ಹೋಗುತ್ತಾಳೆ. ಕಥೆಯಲ್ಲಿ ಇಲ್ಲದ ಈ ಬುತ್ತಿಯನ್ನು ನಾನು ಹೊಸದಾಗಿ ಸೇರಿಸಿದೆ. ಚೀಟಿಯಲ್ಲಿ ಹೆಸರು ಹೊಡೆದು ಗುಮಾಸ್ತ ಮೊದಲ ಸಲ ತಲೆ ಎತ್ತುತ್ತಾನೆ, ‘ಏನೆಂದು ಬರೆಯಲಿ, ಅವ್ವಾ?’ ಎನ್ನುತ್ತಾನೆ. ಚಿತ್ರ ಅಲ್ಲಿಗೆ ನಿಲ್ಲುತ್ತದೆ. ದರ ಎಷ್ಟು ಬಂತು ಎಂಬ ಕಥೆಯ ಕೊನೆಯ ಪುಟವನ್ನೂ, ಹೊಸ ಪಟ್ಟಿಯನ್ನು ತಂತಿಗೆ ಚುಚ್ಚುವ ದೃಶ್ಯವನ್ನೂ ತೆಗೆದುಹಾಕಿದೆ.

ಕೊನೆಯ ಕರಡು 17 ಪುಟ. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕ 12 ಪಾಯಿಂಟ್ ಕೊರಿಯರ್ ಅಕ್ಷರದ ಇಂಗ್ಲಿಷ್ ಪುಟದ್ದು, ನಮ್ಮ ಅಕ್ಷರಕ್ಕೆ ಹಾಗೇ ಹೊಂದುವುದಿಲ್ಲ. ಗಡಿಯಾರ ಹಿಡಿದು, ಮಾತಿಲ್ಲದ ಕೆಲಸಗಳನ್ನು ನಾನೇ ನೆಲದ ಮೇಲೆ ಕುಳಿತು ಮಾಡಿ ಅಳೆದಾಗ 20 ನಿಮಿಷ ಮೀರಿತು. ಕಾಯಿ ಆರಿಸುವ ದೃಶ್ಯ ಕಾಗದದಲ್ಲಿ ಅರ್ಧ ಪುಟ, ಕೈಯಲ್ಲಿ ಮಾಡಿದರೆ ಎರಡು ನಿಮಿಷ.

ಒಂದು ವಾಕ್ಯವನ್ನು ಮಾತ್ರ ನನಗೆ ದಾಟಿಸಲಾಗಲಿಲ್ಲ. ಗಂಡನ ಹೆಣದ ಮುಂದೆ ಕುಳಿತಾಗ, ಅಳು ಬರುವ ಮೊದಲು, ಈ ವರ್ಷದ ಕಾಯಿ ಯಾರು ಬಿಡಿಸುತ್ತಾರೆ ಎಂದು ಗಂಗವ್ವನಿಗೆ ಹೊಳೆದಿತ್ತು. ಆ ನಾಚಿಕೆಯನ್ನು ಅವಳು 11 ವರ್ಷ ಯಾರಿಗೂ ಹೇಳಿಲ್ಲ. ಮೂರು ಬೇರೆ ಬೇರೆ ಕೆಲಸಗಳಲ್ಲಿ ಅದನ್ನು ಇಟ್ಟು ನೋಡಿದೆ. ಮೂರರಲ್ಲೂ ಅದು ಬರಿಯ ದುಃಖವಾಗಿ ಕಂಡಿತು, ನಾಚಿಕೆಯಾಗಿ ಕಾಣಲಿಲ್ಲ. ಅದು ಕಥೆಯ ಒಂಬತ್ತನೆಯ ಪುಟದಲ್ಲಿ, ಕೆಂಪು ಗೆರೆಯ ಮೇಲೆ, ಹಾಗೇ ಉಳಿದಿದೆ.